ಅಡಿಕೆ ಖೇಣಿ ಹಿಡಿಯುವ ಮೊದಲು ಯಾರ ಹತ್ತಿರ ಕೂತು ಏನು ಕೇಳಬೇಕು

ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು ಅಡಿಕೆ ಖೇಣಿ ಮಾಡ್ತೀನಿ, ಅಂದರೆ ಬೇರೆಯವರ ತೋಟದ ಫಸಲು ಹಿಡಿದು ಸುಲಿದು ಒಣಗಿಸಿ ಮಾರ್ತೀನಿ, ಅನ್ನುವ ಹುಡುಗರು ಈಗ ನಮ್ಮ ಕಡೆ ಅಲ್ಲಲ್ಲಿ ಸಿಗುತ್ತಾರೆ. ಅವರಲ್ಲಿ ಬಹಳ ಜನ ಮೊದಲು ಯೂಟ್ಯೂಬ್ ನೋಡುತ್ತಾರೆ. ಆಮೇಲೆ ಯಾವುದೋ ಮದುವೆ ಮನೆಯಲ್ಲಿ ಪಕ್ಕದ ಊರಿನ ಖೇಣಿದಾರರನ್ನು ಹಿಡಿದು "ಹೇಗಿದೆ ಅಣ್ಣಾ ವ್ಯಾಪಾರ, ಲಾಭ ಇದೆಯಾ?" ಅಂತ ಕೇಳುತ್ತಾರೆ. ಉತ್ತರ ಏನು ಬರುತ್ತದೆ ಅಂತ ಗೊತ್ತೇ ಇದೆ. "ಏನೋ, ನಡೀತಾ ಇದೆ ಮಾರಾಯ." ಅಷ್ಟೇ. ಕೇಳಿದವನಿಗೆ ಏನೂ ಸಿಗಲಿಲ್ಲ. ಹೇಳಿದವರದ್ದೂ ತಪ್ಪಲ್ಲ, ಆ ಪ್ರಶ್ನೆಗೆ ಇನ್ನೇನು ಹೇಳೋಕಾಗುತ್ತೆ?

ಒಂದು ಕಸುಬಿಗೆ ಇಳಿಯುವ ಮೊದಲು ಅದರಲ್ಲಿ ಇರುವವರನ್ನು ಭೇಟಿಯಾಗಿ, ಕೆಲಸ ಕೇಳದೆ, ಸಾಲ ಕೇಳದೆ, ತಿಳ್ಕೊಳ್ಳೋಕೆ ಮಾತ್ರ ಮಾತಾಡುವುದಕ್ಕೆ ಒಂದು ಕ್ರಮ ಇದೆ. ಇಲ್ಲಿ ಖೇಣಿಯನ್ನೇ ಉದಾಹರಣೆ ಮಾಡಿಕೊಂಡು ಅದನ್ನು ಹೇಳುತ್ತೇನೆ. ನಮ್ಮ ಪರಿಚಯದ ಹೊಸನಗರದ ಕಡೆಯ ಒಬ್ಬ ಹುಡುಗ ಹೀಗೇ ಮಾಡಿದ. ಅವನ ಕಥೆ ಮಧ್ಯೆ ಮಧ್ಯೆ ಬರುತ್ತದೆ.

ಹೋಗುವ ಮೊದಲು

ಪೇಪರ್‌ನಲ್ಲಿ ಸಿಗುವುದನ್ನು ಮನುಷ್ಯರ ಹತ್ತಿರ ಕೇಳಬೇಡಿ. ಸರಕು, ಬೆಟ್ಟೆ, ರಾಶಿ, ಗೊರಬಲು ಅನ್ನುವ ಅಡಿಕೆಯ ದರ್ಜೆಗಳು ಅಂದರೆ ಏನು, ಯಾವುದಕ್ಕೆ ಜಾಸ್ತಿ ರೇಟು, ಶಿವಮೊಗ್ಗ ಎಪಿಎಂಸಿಯಲ್ಲಿ ಇವತ್ತು ಎಷ್ಟಾಯ್ತು, ಇದೆಲ್ಲ ನಿಮಗೆ ಮೊದಲೇ ಗೊತ್ತಿರಬೇಕು. ಖೇಣಿಯಲ್ಲಿ ಎರಡು ಪದ್ಧತಿ ಇದೆ ಅನ್ನುವುದೂ ಗೊತ್ತಿರಬೇಕು. ಒಂದು, ಮರದ ಮೇಲಿನ ಫಸಲನ್ನೇ ನೋಡಿ ಇಡೀ ತೋಟಕ್ಕೆ ಇಷ್ಟು ಅಂತ ದುಡ್ಡು ಮಾತಾಡುವುದು. ಇನ್ನೊಂದು ತೂಕದ ಲೆಕ್ಕ: ಹಸಿ ಅಡಿಕೆ ತೂಗಿಕೊಂಡು ಹೋಗಿ, ಸುಲಿದು, ಅಡಿಕೆ ಬೇಯಿಸಿ ಉಳಿದ ಕೆಂಪು ನೀರಾದ ಚೊಗರು ಹಾಕಿ ಬೇಯಿಸಿ, ಒಣಗಿಸಿ, ಕ್ವಿಂಟಲ್ ಹಸಿಗೆ ಇಷ್ಟು ಕೆಜಿ ಒಣ ಅಡಿಕೆ ಅಂತ ತೋಟದವರಿಗೆ ಲೆಕ್ಕ ಕೊಡುವುದು. ಸಿಪ್ಪೆ ಸಮೇತದ ಒಂದು ಕ್ವಿಂಟಲ್ ಹಸಿ ಅಡಿಕೆಗೆ ಸುಮಾರು 12ರಿಂದ 14 ಕೆಜಿ ಕೆಂಪಡಿಕೆ ಬರುತ್ತದೆ ಅನ್ನುವುದು ನಮ್ಮ ಕಡೆಯ ಸಾಮಾನ್ಯ ಮಾತು. ಇಷ್ಟು ತಿಳ್ಕೊಂಡು ಹೋದರೆ ಎದುರಿಗಿರುವವರು ಅ ಆ ಇ ಈಯಿಂದ ಶುರು ಮಾಡುವ ತಾಪತ್ರಯ ತಪ್ಪುತ್ತದೆ. ಅದಕ್ಕಿಂತ ಹೆಚ್ಚಾಗಿ, "ಇವನು ಸುಮ್ನೆ ಬಂದವನಲ್ಲ" ಅಂತ ಅವರಿಗೂ ಅನಿಸುತ್ತದೆ.

ಯಾರ ಹತ್ತಿರ ಹೋಗಬೇಕು

ಬಹಳ ಜನ ಎಡವುವುದು ಇಲ್ಲೇ. ಊರಿನ ದೊಡ್ಡ ಖೇಣಿದಾರರ ಹತ್ತಿರ ಹೋಗುತ್ತಾರೆ. ಯೋಚನೆ ಮಾಡಿ, ನಾಳೆ ನೀವು ಖೇಣಿ ಹಿಡಿದರೆ ಯಾರ ತೋಟ ಕೇಳುತ್ತೀರಿ? ಅವರು ಈಗ ಹಿಡಿದಿರುವ ತೋಟವನ್ನೇ ಅಲ್ವಾ? ಅವರು ನಿಮಗೆ ಪೂರ್ತಿ ಸತ್ಯ ಹೇಳಲಿ ಅನ್ನುವುದು ಜಾಸ್ತಿ ಆಸೆ. ಒಂದೋ ಹೆದರಿಸುತ್ತಾರೆ, ಇಲ್ಲವೇ ಜೇನಿನಂಥ ಮಾತಾಡಿ ಕಳಿಸುತ್ತಾರೆ.

ತಾಲ್ಲೂಕು ದಾಟಿ ಹೋಗಿ. ಹೊಸನಗರದವರಾದರೆ ತೀರ್ಥಹಳ್ಳಿ ಕಡೆಗೋ ಸಾಗರದ ಕಡೆಗೋ ಹೋಗಿ. ಅಲ್ಲಿನವರಿಗೆ ನೀವು ಪೈಪೋಟಿ ಅಲ್ಲ. ನಿಮ್ಮ ಮಾವನ ಸ್ನೇಹಿತರ ತಮ್ಮ, ಅತ್ತಿಗೆ ತವರು ಮನೆ ಪಕ್ಕದವರು, ಅಂಥ ದೂರದ ಎಳೆ ಹಿಡಿದು ಹೋದರೆ ಸಾಕು. ಹತ್ತಿರದವರಿಗಿಂತ ಈ ದೂರದ ಪರಿಚಯಗಳೇ ಹೆಚ್ಚು ಉಪಯೋಗಕ್ಕೆ ಬರುತ್ತವೆ ಅನ್ನುವುದನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟ್ಟರ್ 1973ರಲ್ಲೇ ಬರೆದಿದ್ದರು. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಕೇಳಿದಾಗ, ಹೆಚ್ಚಿನವರಿಗೆ ಸುದ್ದಿ ತಲುಪಿಸಿದವರು ದಿನಾ ಸಿಗುವ ಗೆಳೆಯರಲ್ಲ, ಆಗೊಮ್ಮೆ ಈಗೊಮ್ಮೆಯೋ ಅಪರೂಪಕ್ಕೋ ಸಿಗುವವರು. ಕಾರಣ ಸರಳ. ನಿಮ್ಮ ಗೆಳೆಯರಿಗೆ ಗೊತ್ತಿರುವುದು ಸಾಮಾನ್ಯವಾಗಿ ನಿಮಗೂ ಗೊತ್ತಿರುತ್ತದೆ.

ಮತ್ತೆ, ಒಂದೇ ಥರದವರನ್ನು ನಾಲ್ಕು ಸಲ ಭೇಟಿಯಾಗಬೇಡಿ. ನಮ್ಮ ಹುಡುಗ ಹೋಗಿದ್ದು ಹೀಗೆ: ಖೇಣಿ ಶುರು ಮಾಡಿ ಎರಡು ಮೂರು ವರ್ಷವಾದ ಒಬ್ಬರು, ಮಾಡಿ ಬಿಟ್ಟ ಒಬ್ಬರು, ಖೇಣಿಗೆ ತೋಟ ಕೊಡುವ ಒಬ್ಬ ಬೆಳೆಗಾರರು, ಮತ್ತೆ ಮಂಡಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತರು. ಮೂವತ್ತು ವರ್ಷದಿಂದ ಮಾಡ್ತಾ ಇರುವವರಿಗೆ ಶುರುವಿನ ಕಷ್ಟ ಮರೆತೇ ಹೋಗಿರುತ್ತದೆ. ಎರಡು ಮೂರು ವರ್ಷ ಆದವರಿಗೆ ಪೆಟ್ಟಿನ್ನೂ ಹಸಿಯಾಗಿರುತ್ತದೆ, ರೂಪಾಯಿ ಲೆಕ್ಕದಲ್ಲಿ ನೆನಪಿರುತ್ತದೆ. ಬಿಟ್ಟವರನ್ನು ಹುಡುಕುವುದು ಕಷ್ಟ, ಆದರೆ ಬಿಡಬೇಡಿ. ಯಾಕೆಂದರೆ ಅಂಗಳದಲ್ಲಿ ಅಡಿಕೆ ಹರವಿಕೊಂಡು ಕೂತಿರುವವರು ಉಳಿದುಕೊಂಡವರು ಮಾತ್ರ. ಉಳಿಯದವರ ಕಥೆಯನ್ನು ಅವರು ಹೇಳಲಾರರು.

ಯಾವಾಗ, ಹೇಗೆ ಕೇಳುವುದು

ಅಕ್ಟೋಬರ್‌ನಿಂದ ಜನವರಿವರೆಗೆ ಮಾತಿಗೆ ಹೋಗಬೇಡಿ. ಮರ ಹತ್ತಿ ಕೊನೆ ಇಳಿಸುವ ಕೊನೆಗಾರರು ಬಂದಿರುತ್ತಾರೆ, ಸುಲಿಯುವವರು ಕಾಯ್ತಾ ಇರುತ್ತಾರೆ, ಹಂಡೆ ಕುದೀತಾ ಇರುತ್ತದೆ, ಮೋಡ ನೋಡಿದರೆ ಎದೆ ಡವಡವ ಅನ್ನುತ್ತಿರುತ್ತದೆ. ಆಗ ಹೋಗಿ ಪುಸ್ತಕ ಪೆನ್ನು ತೆಗೆದರೆ ಬೈಸಿಕೊಳ್ಳುತ್ತೀರಿ. ಮಳೆಗಾಲವೇ ಒಳ್ಳೆಯದು, ಮಧ್ಯಾಹ್ನ ಊಟ ಮಲಗಾಟ ಮುಗಿದ ಮೇಲೆ, ನಾಲ್ಕು ಗಂಟೆ ಹೊತ್ತಿಗೆ. ಬೆಳೆಗಾರರ ಹತ್ತಿರ ಹೋಗುವುದಾದರೆ ಕೊಳೆರೋಗಕ್ಕೆ ಔಷಧಿ ಹೊಡೆಯುವ ದಿನ ಅಲ್ಲವಾ ಅಂತ ಮೊದಲು ವಿಚಾರಿಸಿ. ಸುಗ್ಗಿಯಲ್ಲೂ ಒಂದು ಸಲ ಹೋಗಬೇಕು, ಆದರೆ ಅದು ಮಾತಾಡೋಕಲ್ಲ, ನೋಡೋಕೆ. ಅಡ್ಡ ಬರದ ಹಾಗೆ ಮೂಲೆಯಲ್ಲಿ ನಿಂತರೆ ಆಯ್ತು.

ಮೊದಲು ಮೆಸೇಜ್ ಹಾಕಿ, ಆಮೇಲೆ ಫೋನ್ ಮಾಡಿ. ಹುಡುಗ ಕಳಿಸಿದ ಮೆಸೇಜ್ ಹೀಗಿತ್ತು:

"ನಮಸ್ಕಾರ. ನಾನು ಹೊಸನಗರದ ಕಡೆಯವನು. ನಿಮ್ಮ ನಂಬರ್ ನಮ್ಮ ಮಾವ ಕೊಟ್ಟರು, ಅವರು ನಿಮ್ಮ ತಮ್ಮನ ಜೊತೆ ಓದಿದವರು. ಮುಂದಿನ ವರ್ಷ ನಮ್ಮ ಕಡೆ ಸಣ್ಣದಾಗಿ ಖೇಣಿ ಮಾಡುವ ಯೋಚನೆ ಇದೆ, ಇನ್ನೂ ನಿರ್ಧಾರ ಮಾಡಿಲ್ಲ. ನೀವು ಶುರು ಮಾಡಿದ ಮೊದಲ ವರ್ಷ ಹೇಗಿತ್ತು ಅಂತ ಕೇಳಬೇಕಿತ್ತು. ನಿಮ್ಮ ಕಡೆ ತೋಟ ಹಿಡಿಯುವ ಉದ್ದೇಶ ಇಲ್ಲ, ದುಡ್ಡಿನ ಸಹಾಯವೂ ಕೇಳುವುದಿಲ್ಲ. ಒಂದರ್ಧ ಗಂಟೆ ಬಿಡುವಾದರೆ ನಾನೇ ಬರ್ತೀನಿ. ಈ ವಾರ ಆಗದಿದ್ದರೆ ಮುಂದಿನ ವಾರವೂ ಪರವಾಗಿಲ್ಲ."

ಇದರಲ್ಲಿ ಕೆಲಸ ಮಾಡಿದ್ದು ಎರಡು ಸಾಲು. ಒಂದು, "ನಿಮ್ಮ ಕಡೆ ತೋಟ ಹಿಡಿಯುವ ಉದ್ದೇಶ ಇಲ್ಲ". ಎರಡು, "ಮೊದಲ ವರ್ಷ ಹೇಗಿತ್ತು". ಸುಮ್ನೆ "ನಿಮ್ಮ ಅನುಭವ ಹಂಚಿಕೊಳ್ಳಿ" ಅಂದರೆ ಜನಕ್ಕೆ ಭಾಷಣ ಮಾಡಬೇಕೇನೋ ಅನಿಸಿ ಮುಜುಗರ ಆಗುತ್ತದೆ.

ಬಂದ ಕೂಡಲೇ ಪ್ರಶ್ನೆ ಶುರು ಮಾಡುವುದು ನಮ್ಮ ಕಡೆ ನಡೆಯುವುದಿಲ್ಲ. ಯಾರ ಮನೆ, ಅಜ್ಜನ ಹೆಸರೇನು, ನಿಮ್ಮ ಕಡೆ ಮಳೆ ಹೇಗೆ, ಎಲೆಚುಕ್ಕೆ ರೋಗ ಎಷ್ಟಿದೆ, ಇಷ್ಟು ಆಗಲೇಬೇಕು. ಕಾಫಿ ಬರುತ್ತದೆ, ಬೇಡ ಅನ್ನಬೇಡಿ. ಈ ಮಾತಿನಲ್ಲೇ ಅರ್ಧ ಗಂಟೆ ಹೋದರೂ ತಲೆ ಕೆಡಿಸಿಕೊಳ್ಳಬೇಡಿ, ನೀವು ಕೇಳಿದ ಅರ್ಧ ಗಂಟೆ ಅದರ ನಂತರ ಶುರುವಾಗುತ್ತದೆ.

ಕೇಳಬೇಕಾದ್ದು

"ಸಾಮಾನ್ಯವಾಗಿ ಹೇಗೆ ಮಾಡ್ತೀರಿ?" ಅಂತ ಕೇಳಿದರೆ ಜನ ಹೇಗೆ ಮಾಡಬೇಕೋ ಅದನ್ನು ಹೇಳುತ್ತಾರೆ. "ಹೋದ ಸಲ ಏನಾಯ್ತು?" ಅಂತ ಕೇಳಿದರೆ ನಿಜವಾಗಿ ಆಗಿದ್ದನ್ನು ಹೇಳುತ್ತಾರೆ. ಪ್ರಶ್ನೆ ಕೇಳುವ ಕಲೆಯಲ್ಲಿ ನನಗೆ ಗೊತ್ತಿರುವುದರಲ್ಲಿ ದೊಡ್ಡ ವಿಷಯ ಇದೊಂದೇ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ವಾಯುಪಡೆಯವರಿಗಾಗಿ ಕೆಲಸ ಮಾಡುತ್ತಿದ್ದ ಮನಃಶಾಸ್ತ್ರಜ್ಞ ಜಾನ್ ಫ್ಲಾನಗನ್ ಇದನ್ನೇ ಒಂದು ಪದ್ಧತಿ ಮಾಡಿದರು. ಒಳ್ಳೆಯ ಪೈಲಟ್ ಹೇಗಿರಬೇಕು ಅಂತ ಅಭಿಪ್ರಾಯ ಕೇಳುವ ಬದಲು, ನಿಜವಾಗಿ ನಡೆದ ಇಂಥದ್ದೊಂದು ಘಟನೆಯಲ್ಲಿ ಯಾರು ಏನು ಮಾಡಿದರು ಅಂತ ಕೇಳಿ ಬರೆದುಕೊಳ್ಳುವುದು. 1954ರಲ್ಲಿ ಅವರು ಅದನ್ನು ಬರೆದು ಪ್ರಕಟಿಸಿದರು. ನಮ್ಮ ಅಡಿಕೆ ಅಂಗಳಕ್ಕೂ ಅದು ಹಾಗೇ ಹೊಂದುತ್ತದೆ.

ತೀರ್ಥಹಳ್ಳಿ ಕಡೆ ಖೇಣಿ ಶುರು ಮಾಡಿ ಎರಡು ಮೂರು ವರ್ಷವಾದ ಅಣ್ಣನನ್ನು ಹುಡುಗ ಮೊದಲು ಕೇಳಿದ್ದು: "ಹೋದ ವರ್ಷದ ಮೊದಲ ಕೊಯ್ಲಿನ ಅಡಿಕೆ ನಿಮ್ಮ ಅಂಗಳಕ್ಕೆ ಬಂದಾಗಿಂದ, ದುಡ್ಡು ಕೈಗೆ ಬರುವವರೆಗೆ ಏನೇನಾಯ್ತು, ಒಂದೊಂದಾಗಿ ಹೇಳ್ತೀರಾ ಅಣ್ಣ?"

ಆ ಅಣ್ಣ ಬೆಳಿಗ್ಗೆ ಕೊನೆಗಾರ ಬರಲಿಲ್ಲ ಅನ್ನುವಲ್ಲಿಂದ ಶುರು ಮಾಡಿದರು. ಲೋಡ್ ಸಂಜೆ ಬಂತು, ಸುಲಿಯುವ ಯಂತ್ರಕ್ಕೆ ಕರೆಂಟ್ ಇಲ್ಲ. ರಾತ್ರಿ ಸುಲಿದು ಮಾರನೇ ದಿನ ಬೇಯಿಸಿ ಹರವಿದರು. ಮೂರನೇ ದಿನ ಮಳೆ. ಟಾರ್ಪಾಲ್ ಮುಚ್ಚಿಟ್ಟಿದ್ದರಿಂದ ಬೆವೆತು ಬೂಸ್ಟು ಬಂತು. ಆ ಲಾಟಿಗೆ ಮಂಡಿಯಲ್ಲಿ ರೇಟು ಬಿತ್ತು. ನೋಡಿ, ಈ ಒಂದು ಕಥೆಯಲ್ಲೇ ಖೇಣಿಯ ನಾಲ್ಕು ಕುತ್ತಿಗೆ ಹಿಸುಕುವ ಜಾಗಗಳು ಬಂದವು: ಆಳು, ಕರೆಂಟು, ಬಿಸಿಲು, ಗ್ರೇಡು. "ಏನೇನು ಸಮಸ್ಯೆ ಇದೆ?" ಅಂತ ಕೇಳಿದ್ದರೆ "ಆಳಿನ ಸಮಸ್ಯೆ" ಅಂತ ಒಂದೇ ಮಾತು ಬರುತ್ತಿತ್ತು.

ಕಥೆ ನಡುವೆ ತಡೆಯಬೇಡಿ. ಮುಗಿದ ಮೇಲೆ ಒಂದೇ ಜಾಗಕ್ಕೆ ವಾಪಸ್ ಹೋಗಿ: "ಮಳೆ ಬಂತು ಅಂದ್ರಲ್ಲ, ಆಗ ಡ್ರೈಯರ್ ಇದ್ದಿದ್ದರೆ ಆ ಲಾಟು ಉಳೀತಿತ್ತಾ?" ಅವರು ಕೊಟ್ಟ ಉತ್ತರ ಹುಡುಗ ಎಲ್ಲೂ ಓದಿರಲಿಲ್ಲ. ಡ್ರೈಯರ್ ಇದ್ದರೂ ಅದರಲ್ಲಿ ಹಿಡಿಯುವುದು ಒಂದು ದಿನದ ಅಡಿಕೆ ಮಾತ್ರ, ಸುಗ್ಗಿ ಜೋರಿದ್ದಾಗ ದಿನಾ ಲೋಡ್ ಬರುತ್ತದೆ. ಹಾಗಾಗಿ ಎಷ್ಟು ತೋಟ ಹಿಡಿಯಬಹುದು ಅನ್ನುವುದನ್ನು ತೀರ್ಮಾನಿಸುವುದು ನಿಮ್ಮ ಹತ್ತಿರ ಇರುವ ದುಡ್ಡಲ್ಲ, ಒಣಗಿಸುವ ಜಾಗ.

ಎರಡನೆಯ ಪ್ರಶ್ನೆ ನನಗೆ ತುಂಬ ಇಷ್ಟವಾದದ್ದು: "ನೋಡಿ ಬಂದು, ಬೇಡ ಅಂತ ಬಿಟ್ಟ ತೋಟ ಯಾವುದಾದರೂ ಇದೆಯಾ? ಏನು ನೋಡಿ ಬೇಡ ಅಂದ್ರಿ?" ತೋಟ ಹೇಗೆ ಆರಿಸಬೇಕು ಅಂತ ಕೇಳಿದರೆ "ಅನುಭವದ ಮೇಲೆ ಗೊತ್ತಾಗುತ್ತೆ" ಅನ್ನುತ್ತಾರೆ. ಬಿಟ್ಟ ತೋಟದ ಬಗ್ಗೆ ಕೇಳಿದರೆ ಆ ಅನುಭವವೇ ಬಾಯಿಬಿಡುತ್ತದೆ. ರಸ್ತೆಗೆ ಪಿಕಪ್ ಬರುತ್ತಿರಲಿಲ್ಲ, ಹೊರಬೇಕಿತ್ತು. ಮರ ಒಂದೇ ಎತ್ತರ ಇರಲಿಲ್ಲ, ಒಂದೇ ಮರದಲ್ಲಿ ಎಳೆಯದೂ ಬಲಿತದ್ದೂ ಇತ್ತು. ಎಳೆಯದನ್ನು ಕೊಯ್ದರೆ ಒಣಗಿದ ಮೇಲೆ ತೂಕ ಬರುವುದಿಲ್ಲ, ಬಲಿಯಲಿ ಅಂತ ಬಿಟ್ಟರೆ ಉಳಿದದ್ದು ಕಡಿಮೆ ರೇಟಿನ ಗೊರಬಲಿಗೆ ಹೋಗುತ್ತದೆ. ಇನ್ನೊಂದು ತೋಟವನ್ನು ಬಿಟ್ಟಿದ್ದು ಅಡಿಕೆ ನೋಡಿ ಅಲ್ಲ, ಅಣ್ಣತಮ್ಮಂದಿರ ಜಗಳ ನೋಡಿ. ಮುಂಗಡ ಒಬ್ಬನ ಕೈಗೆ ಕೊಟ್ಟರೆ ಕೊಯ್ಲಿನ ದಿನ ಇನ್ನೊಬ್ಬ ಬಂದು ಅಡ್ಡ ನಿಲ್ಲುತ್ತಾನಂತೆ.

ಮೂರನೆಯದು ದುಡ್ಡಿನ ವಿಷಯ. "ಎಷ್ಟು ಸಿಗುತ್ತೆ?" ಅಂತ ಯಾರನ್ನೂ ಕೇಳಬೇಡಿ. ಕೇಳಿದರೆ ಮಾತು ಅಲ್ಲಿಗೆ ಮುಗಿಯುತ್ತದೆ, ಅಥವಾ ಸುಳ್ಳು ಬರುತ್ತದೆ. ಬದಲಿಗೆ ದುಡ್ಡು ಓಡಾಡುವ ದಾರಿ ಕೇಳಿ: "ಮೊದಲು ಯಾರಿಗೆ ಕೊಡಬೇಕು, ಆಮೇಲೆ ಯಾರಿಗೆ, ನಮಗೆ ಬರೋದು ಯಾವಾಗ?" ಇದಕ್ಕೆ ಯಾರೂ ಸಂಕೋಚ ಪಡುವುದಿಲ್ಲ. ಬೆಳೆಗಾರರಿಗೆ ಮುಂಗಡ ಮೊದಲು. ಕೊನೆಗಾರರಿಗೆ, ಸುಲಿಯುವವರಿಗೆ ವಾರದ ಬಟವಾಡೆ. ನಮಗೆ ಬರುವುದು ಅಡಿಕೆ ಮಂಡಿಗೆ ಹೋಗಿ ಮಾರಾಟವಾದ ಮೇಲೆ. ಹಾಗಾದರೆ ಮಧ್ಯದ ದುಡ್ಡು ಎಲ್ಲಿಂದ? ಈ ಪ್ರಶ್ನೆಗೆ ಗುಮಾಸ್ತರು ಕೊಟ್ಟ ಉತ್ತರ ಚೆನ್ನಾಗಿತ್ತು. ಮಂಡಿಯವರೇ ಮುಂಗಡ ಕೊಡುತ್ತಾರೆ, ಆದರೆ ಆಗ ಅಡಿಕೆಯನ್ನು ಅದೇ ಮಂಡಿಗೆ ಹಾಕಬೇಕಾಗುತ್ತದೆ. ರೇಟು ಏರಲಿ ಅಂತ ಕಾಯುವ ಸ್ವಾತಂತ್ರ್ಯ ಅಲ್ಲಿಗೆ ಕಡಿಮೆಯಾಯಿತು.

ನಾಲ್ಕನೆಯದು: "ನಿಮ್ಮ ಜೊತೆಗೇ ಶುರು ಮಾಡಿ ಬಿಟ್ಟವರು ಯಾರಾದರೂ ಇದ್ದಾರಾ, ಯಾಕೆ ಬಿಟ್ಟರು? ಅವರ ಹತ್ತಿರ ಮಾತಾಡಬಹುದಾ?" ಇದರಿಂದ ಮುಂದಿನ ಭೇಟಿಯ ನಂಬರೂ ಸಿಗುತ್ತದೆ.

"ನನಗೇನು ಸಲಹೆ ಕೊಡ್ತೀರಿ?" ಅನ್ನುವುದನ್ನು ಕೈಬಿಡಿ. ಅದಕ್ಕೆ ಬರುವುದು ಶ್ರದ್ಧೆ, ತಾಳ್ಮೆ, ಪ್ರಾಮಾಣಿಕತೆ. ಮುಂದಿನ ವರ್ಷ ರೇಟು ಏನಾಗಬಹುದು ಅಂತಲೂ ಕೇಳಬೇಡಿ. ಎಲ್ಲರ ಹತ್ತಿರವೂ ಅಭಿಪ್ರಾಯ ಇದೆ, ಯಾರ ಹತ್ತಿರವೂ ಉತ್ತರ ಇಲ್ಲ.

ಬರೆದುಕೊಳ್ಳುವುದು

ರೆಕಾರ್ಡ್ ಮಾಡಬೇಡಿ. ಫೋನ್ ಮೇಜಿನ ಮೇಲಿಟ್ಟ ಕೂಡಲೇ ಜನ ರೇಡಿಯೋದಲ್ಲಿ ಮಾತಾಡುವ ಹಾಗೆ ಮಾತಾಡುತ್ತಾರೆ. ಸಣ್ಣ ಪುಸ್ತಕದಲ್ಲಿ ಅಂಕಿ ಮತ್ತು ಹೆಸರು ಮಾತ್ರ ಬರೆಯಿರಿ, "ಬರ್ಕೊಳ್ಲಾ?" ಅಂತ ಕೇಳಿಯೇ ಬರೆಯಿರಿ. ಉಳಿದದ್ದು ಬಸ್‌ಸ್ಟ್ಯಾಂಡಿಗೆ ಬಂದ ಮೇಲೆ, ಅವತ್ತೇ. ರಾತ್ರಿ ಮಲಗಿ ಎದ್ದರೆ ಅರ್ಧ ಹೋಗಿರುತ್ತದೆ, ಉಳಿದರ್ಧ ನಿಮಗೆ ಬೇಕಾದ ಹಾಗೆ ತಿರುಗಿರುತ್ತದೆ.

ಬರೆಯುವಾಗ ಪುಟವನ್ನು ಮೂರು ಭಾಗ ಮಾಡಿ. ಅವರು ಮಾಡಿದ್ದು ಅಥವಾ ಕಣ್ಣಾರೆ ಕಂಡದ್ದು ಒಂದು ಕಡೆ. ಅವರ ಅಭಿಪ್ರಾಯ ಒಂದು ಕಡೆ. ನೀವು ಊಹಿಸಿದ್ದು ಇನ್ನೊಂದು ಕಡೆ. "ಬೂಸ್ಟು ಬಂದ ಲಾಟಿಗೆ ರೇಟು ಬಿತ್ತು" ಮೊದಲನೆಯದು. "ಈಗಿನ ಆಳುಗಳಿಗೆ ಕೆಲಸ ಮಾಡೋ ಮನಸ್ಸಿಲ್ಲ" ಎರಡನೆಯದು. ಇವೆರಡು ಕಲಸಿ ಹೋದರೆ ಆಮೇಲೆ ಬಿಡಿಸಲಾಗುವುದಿಲ್ಲ.

ಇಬ್ಬರ ಮಾತು ಹೊಂದದಿದ್ದಾಗ

ಇಲ್ಲಿ ನಿಧಾನವಾಗಿ ಓದಿ, ಯಾಕೆಂದರೆ ಹುಡುಗನಿಗೆ ಹೆಚ್ಚು ಕಲಿಸಿದ್ದು ಇದೇ. ಖೇಣಿ ಮಾಡುವ ಅಣ್ಣ ಹೇಳಿದ್ದು ಕ್ವಿಂಟಲ್‌ಗೆ 12 ಕೆಜಿ ಬಂದರೆ ಹೆಚ್ಚು ಅಂತ. ತೋಟ ಕೊಡುವ ಬೆಳೆಗಾರರು ಹೇಳಿದ್ದು 13ಕ್ಕೆ ಕಡಿಮೆ ಯಾರಿಗೂ ಕೊಡಲ್ಲ ಅಂತ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳ್ತಿದ್ದಾರೆ ಅಂತ ಥಟ್ಟನೆ ಅನಿಸುತ್ತದೆ. ಸುಮ್ನೆ ಸರಾಸರಿ ಮಾಡಿ ಹನ್ನೆರಡೂವರೆ ಅಂದುಕೊಳ್ಳುವ ಆಸೆಯೂ ಆಗುತ್ತದೆ. ಎರಡನ್ನೂ ಮಾಡಬೇಡಿ.

ಒಂದು ಕೆಜಿ ವ್ಯತ್ಯಾಸ ಎಷ್ಟು ದೊಡ್ಡದು ನೋಡಿ. ನೀವು 13ಕ್ಕೆ ಒಪ್ಪಿ 100 ಕ್ವಿಂಟಲ್ ಹಸಿ ಅಡಿಕೆ ತಂದಿರಿ, ಬಂದದ್ದು 12 ಅಂತಿಟ್ಟುಕೊಳ್ಳಿ. ಕ್ವಿಂಟಲ್‌ಗೆ ಒಂದು ಕೆಜಿಯಂತೆ 100 ಕೆಜಿ ಒಣ ಅಡಿಕೆ, ಅಂದರೆ ಒಂದು ಪೂರಾ ಕ್ವಿಂಟಲ್, ನಿಮ್ಮ ಕೈಯಿಂದ ಕೊಡಬೇಕು. ಲೆಕ್ಕ ಸುಲಭವಾಗಲಿ ಅಂತ ಕ್ವಿಂಟಲ್‌ಗೆ 50,000 ರೂಪಾಯಿ ಹಿಡಿದರೂ ಅಷ್ಟು ದುಡ್ಡು ಹೋಯಿತು. ಸುಲಿಯುವ ಕೂಲಿ, ಸೌದೆ, ಸಾಗಾಟ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಹುಡುಗ ಇಬ್ಬರಿಗೂ ಮತ್ತೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದ: "ಆ ಅಂಕಿ ಯಾವ ಕೊಯ್ಲಿದ್ದು, ತೂಗುವಾಗ ಅಡಿಕೆ ಹೇಗಿತ್ತು?" ಅಣ್ಣ ಹೇಳುತ್ತಿದ್ದುದು ಮೊದಲ ಕೊಯ್ಲಿನ ಅಡಿಕೆ, ಎಳೆಯದು, ಅದೂ ಮಳೆಯಲ್ಲಿ ನೆನೆದದ್ದು. ತೂಗಿದ ತೂಕದಲ್ಲಿ ನೀರಿನ ಪಾಲೂ ಇತ್ತು. ಬೆಳೆಗಾರರು ಹೇಳುತ್ತಿದ್ದುದು ಡಿಸೆಂಬರ್‌ನ ಕೊಯ್ಲು, ಬಲಿತ ಅಡಿಕೆ, ಒಣ ದಿನ. ಇಬ್ಬರೂ ಸತ್ಯವನ್ನೇ ಹೇಳಿದ್ದರು. ಹಾಗಾಗಿ ಹುಡುಗ ಕಲಿತದ್ದು ಒಂದು ಅಂಕಿಯನ್ನಲ್ಲ: ಎಲ್ಲಾ ಕೊಯ್ಲಿಗೂ ಸೇರಿ ಒಂದೇ ಅಂಕಿಗೆ ಒಪ್ಪಿಕೊಳ್ಳಬಾರದು, ಕೊಯ್ಲು ಕೊಯ್ಲಿಗೆ ಬೇರೆ ಮಾತಾಡಬೇಕು, ನೆನೆದ ಅಡಿಕೆ ತೂಗುವ ಮೊದಲು ನೀರು ಇಳಿಯಲು ಬಿಡಬೇಕು. ಒಬ್ಬರ ಹತ್ತಿರ ಮಾತ್ರ ಮಾತಾಡಿದ್ದರೆ ಇದು ಹೊಳೆಯುತ್ತಲೇ ಇರಲಿಲ್ಲ.

ಎಷ್ಟು ಜನರ ಹತ್ತಿರ ಹೋಗಬೇಕು ಅಂತ ಕೇಳುತ್ತೀರಾ? ನೀವು ಪ್ರಶ್ನೆ ಕೇಳಿದಾಗ ಉತ್ತರ ಹೀಗೇ ಬರುತ್ತದೆ ಅಂತ ಮೊದಲೇ ಊಹಿಸಿ, ಅದು ಸರಿಯಾಗೋಕೆ ಶುರುವಾದರೆ ನಿಲ್ಲಿಸಿ. ಒಂದೇ ಥರದವರ ಹತ್ತಿರ ಅದು ಬೇಗ ಬರುತ್ತದೆ, ಹಾಗೆ ಬಂದರೆ ಬೇರೆ ಥರದವರ ಹತ್ತಿರ ಹೋಗಿ. ಸುಲಿಯುವ ಹೆಂಗಸರ ಹತ್ತಿರ ಯಾರೂ ಕೇಳುವುದಿಲ್ಲ. ಯಾವ ಖೇಣಿದಾರರ ಮನೆಗೆ ಕೆಲಸಕ್ಕೆ ಹೋಗಲ್ಲ, ಯಾಕೆ ಹೋಗಲ್ಲ ಅಂತ ಅವರನ್ನು ಕೇಳಿ ನೋಡಿ.

ಆಮೇಲೆ

ಮಾರನೇ ದಿನ ಒಂದು ಮೆಸೇಜ್ ಹಾಕಿ. ಬರೀ ಧನ್ಯವಾದ ಬೇಡ, ಅವರು ಹೇಳಿದ್ದರಲ್ಲಿ ಯಾವುದು ನಿಮ್ಮ ಯೋಚನೆ ಬದಲಿಸಿತು ಅಂತ ಒಂದು ಸಾಲು ಇರಲಿ. ನಿರ್ಧಾರ ಆದ ಮೇಲೆ ಇನ್ನೊಂದು ಫೋನ್ ಮಾಡಿ, ಏನು ಮಾಡಿದಿರಿ ಅಂತ ಹೇಳಿ. ಒಬ್ಬರು ಹೇಳಿದ ಮನೆ ಲೆಕ್ಕವನ್ನು ಇನ್ನೊಬ್ಬರ ಮುಂದೆ ಹೆಸರು ಹಿಡಿದು ಆಡಬೇಡಿ. ಮಂಡಿಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ಮಾತು ನಿಮಗಿಂತ ಮೊದಲು ಊರು ಸೇರುತ್ತದೆ.

ಹುಡುಗ ಆ ವರ್ಷ ಖೇಣಿ ಹಿಡಿಯಲಿಲ್ಲ. ಮುಂಗಡ ಕೊಡುವ ದುಡ್ಡು ಅವನ ಹತ್ತಿರ ಇರಲಿಲ್ಲ, ಮಂಡಿಯ ಮುಂಗಡಕ್ಕೆ ಕಟ್ಟುಬೀಳುವ ಮನಸ್ಸೂ ಇರಲಿಲ್ಲ. ಆದರೆ ಮನೆ ಮುಂದೆ ಒಳ್ಳೆಯ ಬಿಸಿಲಿನ ಅಂಗಳ ಇತ್ತು. ಸುಲಿಯುವ ಯಂತ್ರ ಬಾಡಿಗೆಗೆ ತಂದು, ಸುತ್ತಲಿನ ಸಣ್ಣ ತೋಟದವರ ಅಡಿಕೆಯನ್ನು ಕೂಲಿ ಲೆಕ್ಕದಲ್ಲಿ ಸುಲಿದು, ಬೇಯಿಸಿ, ಒಣಗಿಸಿ ಕೊಟ್ಟ. ಅಡಿಕೆ ಅವರದ್ದು, ರೇಟಿನ ಏರಿಳಿತವೂ ಅವರದ್ದು, ಇವನಿಗೆ ಕೂಲಿ. ಪ್ರತಿ ಲೋಡಿಗೂ ಹಸಿ ತೂಕ, ಒಣ ತೂಕ, ಕೊಯ್ದ ದಿನ, ಮಳೆ ಇತ್ತೋ ಇಲ್ಲವೋ, ಎಲ್ಲ ಬರೆದಿಟ್ಟಿದ್ದಾನೆ. ಈ ಸಲ ಮಳೆಗಾಲದಲ್ಲಿ ತೀರ್ಥಹಳ್ಳಿಯ ಆ ಅಣ್ಣನೇ ಇವನಿಗೆ ಫೋನ್ ಮಾಡಿ, ನಿಮ್ಮ ಕಡೆ ಮೊದಲ ಕೊಯ್ಲಿಗೆ ಎಷ್ಟು ಬಂತು ಅಂತ ವಿಚಾರಿಸಿದರಂತೆ.